ಉಂಡೆಯೊಳಗಿನ ಜೋಡಣೆ

ಮಗಳ ಮಾತು ಬಂದರೆ ಉಂಡೆಯಪ್ಪನವರ ಬಾಯಿಗೆ ಬೀಗವೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ನೂಲು ಕೊಳ್ಳಲು ಬಂದವರು ಬಣ್ಣ ಕೇಳಿದರೆ ಮಗಳ ಹೆಣಿಗೆಯ ಬಗ್ಗೆ ಹೇಳುವರು. ದಾರಿ ಕೇಳಲು ಬಂದವರಿಗೂ ಅದನ್ನೇ ಹೇಳಿ, ದಾರಿ ಹೇಳುವುದನ್ನು ಮರೆಯುವರು. ಎದುರುಗಡೆ ಚಪ್ಪಲಿ ಹೊಲಿಯುವವನು ಕೇಳಿ ಕೇಳಿ ಸಾಕಾಗಿ ಒಂದು ದಿನ, "ಅಲ್ಲ ಉಂಡೆಯಪ್ಪನೋರೆ, ನಿಮ್ಮ ಮಗಳು ಹುಟ್ಟಿದಾಗ ಅಳಲೇ ಇಲ್ವಂತೆ, ಎರಡು ಕುಣಿಕೆ ಹೆಣೆದಳಂತೆ, ನಿಜಾನಾ?" ಎಂದ. "ಎರಡಲ್ಲ ಕಣಯ್ಯ, ಒಂದು ಸಾಲು ಪೂರ್ತಿ" ಎಂದರು ಇವರು, ನಗದೆ.

ಉಂಡೆಯಪ್ಪ ಎನ್ನುವುದು ಅವರಿಗೆ ಬೀದಿಯವರು ಇಟ್ಟ ಹೆಸರು. ಅವರದು ಉಣ್ಣೆ ನೂಲಿನ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಿರುಗುಟ್ಟುವ ಮರದ ಮೆಟ್ಟಿಲು. ಗಿರಾಕಿ ಇರಲಿ ಇಲ್ಲದಿರಲಿ, ಲಡಿ ಬಿಚ್ಚಿ ಉಂಡೆ ಸುತ್ತುತ್ತಲೇ ಇರುವರು. ಸುತ್ತಿ ಸುತ್ತಿ ಅವರ ಹೊಟ್ಟೆಯೂ ಅದೇ ಆಕಾರಕ್ಕೆ ಬಂದಿತ್ತು. ಹಾಗಾಗಿ ಹೆಸರು ಎರಡು ಕಡೆಯಿಂದಲೂ ಹೊಂದಿಕೊಂಡಿತು, ಅವರೂ ಬೇಜಾರು ಮಾಡಿಕೊಳ್ಳಲಿಲ್ಲ.

ಅದೇ ಬೀದಿಯ ತುದಿಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ಒಂದು ಹೆಣಿಗೆ ಮನೆ. ಉದ್ದನೆಯ ಕೋಣೆ, ಎರಡು ಸಾಲು ಬೆಂಚು, ಗೋಡೆಗೆ ಒರಗಿಸಿದ ಮರದ ಹಲಗೆಗಳು, ಮೂಲೆಯಲ್ಲಿ ಒಗೆಯುವ ತೊಟ್ಟಿ. ಅಲ್ಲಿ ಕೂತು ಹೆಂಗಸರು ಜಾಲರಿ ಶಾಲು ಹೆಣೆಯುತ್ತಿದ್ದರು. ಕಿಟಕಿಯ ಪಕ್ಕ ಒಂದು ಕುರ್ಚಿ. ಅದರಲ್ಲಿ ಕೂರುವವಳು ಹೆಣೆಯುವುದಿಲ್ಲ, ಹೆಣೆದದ್ದನ್ನು ನೋಡುತ್ತಾಳೆ. ಅವಳು ಸರಿ ಎಂದ ಮೇಲೆಯೇ ಶಾಲು ಮಹಡಿ ಇಳಿಯುವುದು. ಬಹಳ ಕಾಲದಿಂದ ಆ ಕುರ್ಚಿ ಒಬ್ಬರದೇ. ಅವರನ್ನು ಎಲ್ಲರೂ ಮೇಸ್ತ್ರಮ್ಮ ಎನ್ನುವರು. ಅವರ ಮುಂದೆ ಶಾಲು ಹಿಡಿದು ನಿಂತಾಗ ಎಂಥ ವಾಚಾಳಿಗೂ ನಾಲಗೆ ಒಣಗುತ್ತಿತ್ತು.

ಮೇಸ್ತ್ರಮ್ಮ ಶಾಲಿನ ಮುಖ ನೋಡುತ್ತಿರಲಿಲ್ಲ. "ಮುಖ ಯಾರು ಬೇಕಾದ್ರೂ ತೊಳೀತಾರೆ, ಬೆನ್ನು ತೋರ್ಸು" ಎನ್ನುವರು. ಶಾಲನ್ನು ಬೋರಲು ಹಾಸಿ, ಕಣ್ಣು ಅರ್ಧ ಮುಚ್ಚಿ, ಬೆರಳ ತುದಿಯನ್ನು ಸಾಲು ಸಾಲಾಗಿ ಓಡಿಸುವರು. ಅವರು ಹುಡುಕುವುದು ಒಂದೇ: ಒಂದು ಉಂಡೆ ಮುಗಿದು ಇನ್ನೊಂದು ಶುರುವಾದ ಜಾಗ. ಹೆಣೆಯುವುದನ್ನು ಹತ್ತು ಜನ ಕಲಿಯುತ್ತಾರೆ, ಆದರೆ ನೂಲಿಗೆ ನೂಲು ಸೇರಿಸುವುದರಲ್ಲಿ ಒಂಬತ್ತು ಜನ ಸಿಕ್ಕಿಬೀಳುತ್ತಾರೆ ಎಂಬುದು ಅವರ ಲೆಕ್ಕ. ಗಂಟು ಹಾಕಿದರಂತೂ ಮುಗಿಯಿತು, ಜಾಲರಿಯಲ್ಲಿ ಗಂಟು ಅಂದರೆ ಅನ್ನದಲ್ಲಿ ಕಲ್ಲು.

ಈಗ ಮೇಸ್ತ್ರಮ್ಮ ಕೆಲಸ ಬಿಟ್ಟು ತಂಗಿಯ ಮನೆಗೆ ಹೋಗುವವರಿದ್ದರು. ಆ ಕುರ್ಚಿಗೆ ಉಂಡೆಯಪ್ಪನವರ ಮಗಳು ಪರೀಕ್ಷೆಗೆ ಕೂತಿದ್ದಳು. ಹಿಂದೊಮ್ಮೆ ಕೂತು ಸೋತಿದ್ದಳು. ಆ ಸಲ ಮೇಸ್ತ್ರಮ್ಮನ ಬೆರಳು ಅವಳ ಒಂದು ಜೋಡಣೆಯ ಮೇಲೆ ನಿಂತುಬಿಟ್ಟಿತ್ತು. ಮೂರನೇ ಸಲ ಎಂಬುದು ಇರಲಿಲ್ಲ. ಈ ಸಲವೂ ಅವಳು ತೇರ್ಗಡೆಯಾಗದಿದ್ದರೆ ದೊಡ್ಡ ಕಾರ್ಖಾನೆಯಿಂದ ಯಾರನ್ನಾದರೂ ಕರೆಸುವುದೆಂದು ಹೆಣಿಗೆ ಮನೆಯ ಯಜಮಾನರು ಹೇಳಿಯಾಗಿತ್ತು.

ಪರೀಕ್ಷೆಯ ನಿಯಮ ಸರಳ. ಮೇಸ್ತ್ರಮ್ಮ ಹೇಳಿದ ನೂಲಿನಲ್ಲಿ ಒಂದು ದೊಡ್ಡ ಶಾಲು ಹೆಣೆಯಬೇಕು. ನೂಲು ಸುತ್ತಿಕೊಡುವವರು ಯಾರಾದರೂ ಸರಿ, ಆದರೆ ಹೆಣಿಗೆಯೂ ಜೋಡಣೆಯೂ ಪರೀಕ್ಷೆಗೆ ಕೂತವಳದೇ ಆಗಿರಬೇಕು. ಮೊದಲು ಬೆರಳಿನ ಪರೀಕ್ಷೆ. ಆಮೇಲೆ ಶಾಲು ನೀರಿಗೆ. ಆಮೇಲೆ ಹಲಗೆಯ ಮೇಲೆ ಎಳೆದು, ಬಿಗಿದು, ಗುಂಡುಸೂಜಿ ಚುಚ್ಚಿ ಒಣಗಿಸುವುದು. ಬೆರಳಿಗೆ ಒಂದು ಜೋಡಣೆ ಸಿಕ್ಕರೂ ಸೋಲು, ನೀರಿನಲ್ಲಿ ಒಂದು ಬಿಚ್ಚಿಕೊಂಡರೂ ಸೋಲು.

ಮೇಸ್ತ್ರಮ್ಮ ಹೇಳಿದ ನೂಲು ಮೆಷಿನ್‌ನಲ್ಲಿ ಒಗೆಯುವ ಉಣ್ಣೆ. ಬೇಕೆಂದೇ ಅದನ್ನು ಆರಿಸಿದ್ದರು.

"ಹಾಳಾದ ನೂಲು" ಎಂದರು ಉಂಡೆಯಪ್ಪ, ಮೇಜಿನ ಮೇಲೆ ಲಡಿಗಳನ್ನು ಹರಡುತ್ತಾ. "ಮಾರೋಕೆ ಚೆನ್ನ, ಜೋಡಿಸೋಕಲ್ಲ. ಅಂಗೈಗೆ ಕೆಲಸಾನೇ ಇಲ್ಲ."

ಅಂಗೈಯ ಕೆಲಸ ಅವರ ಹೆಮ್ಮೆ. ಸಾಮಾನ್ಯ ಉಣ್ಣೆಯಾದರೆ ಎರಡು ತುದಿಗಳನ್ನೂ ಒಂದು ಬೆರಳುದ್ದ ಬಿಡಿಸಿ, ಎಳೆಗಳನ್ನು ಅರ್ಧದಷ್ಟು ತೆಳುವು ಮಾಡಿ, ಒಂದರ ಮೇಲೊಂದು ಇಟ್ಟು, ನಾಲಗೆಯ ತೇವ ತಾಗಿಸಿ, ಎರಡು ಅಂಗೈ ನಡುವೆ ಬಿಸಿ ಹತ್ತುವ ತನಕ ತಿಕ್ಕುವರು. ಕೂದಲಿಗೆ ಕೂದಲು ಕಚ್ಚಿಕೊಂಡು ಜಡೆಗಟ್ಟಿ ಒಂದಾಗುತ್ತದೆ, ಎಳೆದರೂ ಬರುವುದಿಲ್ಲ. ಅವರು ತಿಕ್ಕಿದ ಜೋಡಣೆಯನ್ನು ಅವರೇ ಮರುದಿನ ಹುಡುಕಲಾಗದೆ ಸಂತೋಷಪಟ್ಟದ್ದುಂಟು.

"ಉಗುಳು ಹಚ್ಚೋದೊಂದು ವಿದ್ಯೆ ಅಂತ ಊರಿಗೆಲ್ಲ ಹೇಳ್ಕೊಂಡು ಬರ್ತೀರಲ್ಲ" ಎಂದಳು ಹೆಂಡತಿ ಮೆಟ್ಟಿಲ ಮೇಲಿಂದ. "ಬಟ್ಟಲಲ್ಲಿ ನೀರಿಟ್ಕೊಂಡ್ರೆ ಕೈ ಬೀಳುತ್ತಾ?"

"ನೀರಿಗೂ ಆಗುತ್ತೆ ಕಣೆ. ಆದ್ರೆ ನಾಲಗೆ ಯಾವಾಗ್ಲೂ ಜೊತೇಲೇ ಇರುತ್ತಲ್ಲ."

"ಅದು ಜೊತೇಲಿ ಇರೋದು ಬೀದಿಗೆಲ್ಲ ಗೊತ್ತು" ಎಂದು ಹೆಂಡತಿ ಒಳಗೆ ಹೋದಳು.

ಮಗಳು ಮೇಜಿನ ಆ ಬದಿಯಲ್ಲಿ ಕೂತು ಚೂಪಾದ ಸಣ್ಣ ಸೂಜಿಗೆ ನೂಲು ಪೋಣಿಸುತ್ತಿದ್ದಳು. ಒಗೆಯುವ ಉಣ್ಣೆಗೆ ಅವಳು ಅಭ್ಯಾಸ ಮಾಡಿಕೊಂಡ ಜೋಡಣೆ ಬೇರೆ. ಹಳೆಯ ನೂಲಿನ ತುದಿಯನ್ನು ಸೂಜಿಗೆ ಪೋಣಿಸಿ, ಆ ನೂಲಿನ ಹೊಟ್ಟೆಯೊಳಗೇ, ಅದರ ಎಳೆಗಳ ನಡುವೆಯೇ, ಹಿಂದಕ್ಕೆ ನಾಲ್ಕು ಬೆರಳಷ್ಟು ಓಡಿಸುವಳು. ತುದಿಯಲ್ಲಿ ಒಂದು ಪುಟ್ಟ ಕೊಕ್ಕೆ ಉಳಿಯುತ್ತದೆ. ಆ ಕೊಕ್ಕೆಯೊಳಗೆ ಹೊಸ ನೂಲನ್ನು ತೂರಿಸಿ, ಅದರ ತುದಿಯನ್ನೂ ಅದರದೇ ಎಳೆಗಳ ನಡುವೆ ಹಿಂದಕ್ಕೆ ಕಳಿಸುವಳು. ಎರಡೂ ಕಡೆ ಮೆಲ್ಲಗೆ ಎಳೆದರೆ ಕೊಕ್ಕೆಗೆ ಕೊಕ್ಕೆ ಸಿಕ್ಕಿ ಕೂರುತ್ತದೆ. ಹೊರಗೆ ಉಳಿದ ತುದಿಯನ್ನು ಕತ್ತರಿಸಿಬಿಡುವುದು.

"ನೂಲಿಗೆ ಆಪರೇಷನ್ ಮಾಡ್ತಾಳೆ" ಎಂದು ಅಪ್ಪ ರೇಗಿಸಿದರು. "ಹಾವು ಇಲಿ ನುಂಗಿದ ಹಾಗೆ ಅಲ್ಲೊಂದು ದಪ್ಪ ಉಳಿಯುತ್ತೆ. ಮೇಸ್ತ್ರಮ್ಮನ ಬೆರಳಿಗೆ ಅದು ಸಾಕು."

"ಅದಕ್ಕೇ ಪೋಣಿಸೋ ಮುಂಚೆ ಮೂರೆಳೇಲಿ ಒಂದನ್ನ ಕತ್ತರಿಸ್ತೀನಿ. ನೋಡು." ಮಗಳು ಜೋಡಿಸಿದ ನೂಲನ್ನು ಅವರ ಕೈಗೆ ಕೊಟ್ಟಳು.

ಉಂಡೆಯಪ್ಪ ಬೆರಳ ನಡುವೆ ಎಳೆದರು. ಮತ್ತೆ ಎಳೆದರು. ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದರು. ಆಮೇಲೆ "ಇರ್ಲಿ ಬಿಡು" ಎಂದರು. ಅವರ ಬಾಯಿಂದ "ಇರ್ಲಿ ಬಿಡು" ಬಂತೆಂದರೆ ಬೇರೆಯವರ ಬಾಯಿಂದ ಭೇಷ್ ಬಂದ ಹಾಗೆ. ಸಂಜೆಯೊಳಗೆ ಆ ಜೋಡಣೆಯ ವರ್ಣನೆ ಬೀದಿಯ ಎರಡೂ ತುದಿ ಮುಟ್ಟಿತ್ತು.

ಉಂಡೆ ಸುತ್ತಿಕೊಡುವುದು ಮಾತ್ರ ತನ್ನದೇ ಕೆಲಸ ಎಂದು ಅವರು ಹಟ ಹಿಡಿದರು. "ಮೇಸ್ತ್ರಮ್ಮನೇ ಯಾರಾದರೂ ಸರಿ ಅಂದಿದ್ದಾರೆ. ಆ ಯಾರಾದರೂ ನಾನೇ." ಮಗಳು ಒಂದು ಉಂಡೆ ಹೆಣೆದು ಮುಗಿಸುವಷ್ಟರಲ್ಲಿ ಇನ್ನೊಂದು ಲಡಿ ಸುತ್ತಿ ಸಿದ್ಧವಾಗಿಡುವರು.

ಶಾಲು ಅರ್ಧಕ್ಕೆ ಬರುತ್ತಿದ್ದ ಹೊತ್ತು. ಒಂದು ಮಧ್ಯಾಹ್ನ ಉಂಡೆಯಪ್ಪ ತಿರುಗುವ ಚೌಕಟ್ಟಿಗೆ ಲಡಿ ಹಾಕಿ ಸುತ್ತಲು ಶುರುಮಾಡಿದ್ದರು. ಆಗ ಬಸ್ ಡ್ರೈವರ್ ಒಬ್ಬ ಅಂಗಡಿಗೆ ಬಂದ. ಹೆಂಡತಿ ನೂಲು ತರಲು ಹೇಳಿದ್ದಾಳೆ, ಮಗುವಿನ ಸ್ವೆಟರಿಗಂತೆ, ಯಾವುದು ತಗೋಬೇಕೋ ಗೊತ್ತಿಲ್ಲ ಎಂದ. ಇಂಥ ಗಿರಾಕಿ ಸಿಕ್ಕರೆ ಉಂಡೆಯಪ್ಪನವರಿಗೆ ಹಬ್ಬ.

"ಮಗೂಗೆ ಅಂದ್ರೆ ಇದೇ. ದಿನಾ ಒಗೀಬೇಕಲ್ಲ? ಮಾಮೂಲಿ ಉಣ್ಣೆ ಮೆಷಿನ್‌ಗೆ ಹಾಕಿದ್ರೆ ಸ್ವೆಟರ್ ಹೋಗಿ ಗೊಂಬೆ ಅಂಗಿ ಬರುತ್ತೆ. ಯಾಕೆ ಹೇಳಿ? ಉಣ್ಣೆ ಕೂದಲಿನ ಮೇಲೆ ಕಣ್ಣಿಗೆ ಕಾಣದ ಹುರುಪೆ ಇರುತ್ತೆ. ಒದ್ದೆ ಮಾಡಿ ಉಜ್ಜಿದ್ರೆ ಒಂದಕ್ಕೊಂದು ಕಚ್ಕೊಳ್ಳುತ್ತೆ."

"ಓಹೋ" ಎಂದ ಡ್ರೈವರ್.

"ಇದ್ರಲ್ಲಿ ಆ ಹುರುಪೇನ ಮೊದಲೇ ನುಣುಪು ಮಾಡಿಬಿಟ್ಟಿರ್ತಾರೆ." ಇಷ್ಟು ಹೇಳುವಾಗ ಅವರ ಬೆರಳಿಗೆ ಗಿರಣಿಯ ಗಂಟೊಂದು ಸಿಕ್ಕಿತು. ಗಿರಣಿಯಲ್ಲಿ ನೂಲು ತುಂಡಾದರೆ ಅಲ್ಲೇ ಗಂಟು ಹಾಕಿ ಕಳಿಸಿಬಿಡುತ್ತಾರೆ. ನೂಲಿನವರಿಗೆ ಅದು ಹೊಸದಲ್ಲ. ಉಂಡೆಯಪ್ಪ ಮಾತು ನಿಲ್ಲಿಸದೆ ಕತ್ತರಿ ತೆಗೆದು ಗಂಟನ್ನು ಹಾರಿಸಿದರು. "ಎಷ್ಟು ಬೇಕಾದ್ರೂ ಒಗೀರಿ, ಕಚ್ಚಿಕೊಳ್ಳೋ ಮಾತೇ ಇಲ್ಲ!" ಎನ್ನುತ್ತಾ ಎರಡು ತುದಿ ಬಿಡಿಸಿದರು. "ಜಡೆಗಟ್ಟಲ್ಲ!" ಎನ್ನುತ್ತಾ ನಾಲಗೆಗೆ ತಾಗಿಸಿದರು. "ಅಪ್ಪಂತೋನು ಬಂದು ಉಜ್ಜಿದ್ರೂ ಜಡೆಗಟ್ಟಲ್ಲ!" ಎನ್ನುತ್ತಾ ಅಂಗೈ ನಡುವೆ ಚೆನ್ನಾಗಿ ತಿಕ್ಕಿ, ಸುತ್ತುವುದನ್ನು ಮುಂದುವರಿಸಿದರು.

ನಲವತ್ತು ವರ್ಷದಿಂದ ಗಂಟು ಕಂಡರೆ ಹಾಗೆ ಮಾಡಿದ ಕೈ. ಅದಕ್ಕೆ ಕಿವಿ ಇರಲಿಲ್ಲ. ಬಾಯಿ ಏನು ಹೇಳುತ್ತಿದೆಯೆಂದು ಅದು ಕೇಳಿಸಿಕೊಳ್ಳಲಿಲ್ಲ. ಡ್ರೈವರ್ ನೂಲು ಕೊಂಡು ಹೋದ. ಮಗಳು ಮೆಟ್ಟಿಲಿಳಿದು ಬಂದು ಆ ಉಂಡೆಯನ್ನು ಅವರ ಕೈಯಿಂದಲೇ ತೆಗೆದುಕೊಂಡು ಹೋದಳು. ಉಂಡೆಯಪ್ಪನವರಿಗೆ ನೆನಪಿನಲ್ಲಿ ಉಳಿದದ್ದು ಇಷ್ಟೇ: ಮಗಳ ಹೆಣಿಗೆ ಕಡ್ಡಿಗೆ ಗಿರಣಿಯ ಗಂಟು ಹೋಗಲು ತಾನು ಬಿಡಲಿಲ್ಲ. ಅದನ್ನು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಬೇಕೆಂದುಕೊಂಡು ಮರೆತರು.

ಪರೀಕ್ಷೆಯ ದಿನ ಅಂಗಡಿಗೆ ಬಾಗಿಲು ಹಾಕಿ, ಇಸ್ತ್ರಿ ಅಂಗಿ ಹಾಕಿಕೊಂಡು, ಮಗಳಿಗಿಂತ ಮುಂಚೆ ಹೆಣಿಗೆ ಮನೆಯ ಮೆಟ್ಟಿಲು ಹತ್ತಿದವರು ಉಂಡೆಯಪ್ಪ. ಹೊರಗಿನವರು ನೋಡಬಾರದೆಂದೇನೂ ಇರಲಿಲ್ಲ. ಬೆಂಚಿನ ಹೆಂಗಸರು ಸರಿದು ಜಾಗ ಕೊಟ್ಟರು. ಕೆಳಗಿನ ಬೇಕರಿಯ ಬಿಸಿ ಬ್ರೆಡ್ಡಿನ ವಾಸನೆ ಕಿಟಕಿಯಿಂದ ಬರುತ್ತಿತ್ತು.

ಮಗಳು ಶಾಲನ್ನು ಬೋರಲು ಹಾಸಿದಳು. ತಿಳಿ ಬೂದು ಬಣ್ಣದ ಶಾಲು, ಉದ್ದಕ್ಕೂ ಎಲೆಗಳ ಜಾಲರಿ. ಮೇಜು ಸಾಲದೆ ಎರಡು ಬದಿಗೂ ಇಳಿಬಿತ್ತು.

"ಜೋಡಣೆ ಎಷ್ಟು?" ಎಂದರು ಮೇಸ್ತ್ರಮ್ಮ.

"ಆರು."

ಮೇಸ್ತ್ರಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿ ಬೆರಳಿಟ್ಟರು. ಒಂದು ಅಂಚಿನಿಂದ ಶುರು, ಇನ್ನೊಂದು ಅಂಚಿಗೆ ಮುಕ್ತಾಯ, ಮತ್ತೆ ಹಿಂದಕ್ಕೆ. ಬೆರಳು ಎಲ್ಲಾದರೂ ನಿಧಾನವಾದರೆ ಉಂಡೆಯಪ್ಪನವರ ಉಸಿರೂ ನಿಧಾನವಾಗುತ್ತಿತ್ತು. ಒಂದು ಕಡೆ ಬೆರಳು ನಿಂತೇಬಿಟ್ಟಿತು. ಉಂಡೆಯಪ್ಪ ಕಣ್ಣು ಮುಚ್ಚಿಕೊಂಡರು. ತೆರೆದಾಗ ಮೇಸ್ತ್ರಮ್ಮ ಬೆರಳಿಗೆ ಹತ್ತಿದ್ದ ಒಂದು ಕೂದಲನ್ನು ಊದುತ್ತಿದ್ದರು. ಕೊನೆಯ ಅಂಚು ಮುಗಿಸಿ ನೆಟ್ಟಗಾಗಿ, ಸೊಂಟಕ್ಕೆ ಕೈ ಕೊಟ್ಟು, "ಸಿಗಲಿಲ್ಲ" ಎಂದರು.

ಸಿಗಲಿಲ್ಲ! ಮೇಸ್ತ್ರಮ್ಮನಿಗೆ ಸಿಗಲಿಲ್ಲ! ಬೆಂಚಿನ ಸಾಲಿನಲ್ಲಿ ಗುಜುಗುಜು ಎದ್ದಿತು. ಉಂಡೆಯಪ್ಪನವರಿಗೆ ಕೂರಲಾಗಲಿಲ್ಲ, ಎದ್ದರೆ ನಿಲ್ಲಲಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸಿಗೆ, "ಹುಟ್ಟಿದಾಗಲೇ..." ಎಂದು ಶುರುಮಾಡಿದರು. ಮಗಳು ಒಂದು ನೋಟ ನೋಡಿದಳು, ಸುಮ್ಮನಾದರು.

ಶಾಲು ಉಗುರುಬೆಚ್ಚಗಿನ ನೀರಿನ ತೊಟ್ಟಿಗೆ ಇಳಿಯಿತು. ಮೇಸ್ತ್ರಮ್ಮ ಅದನ್ನು ಅಂಗೈಯಿಂದ ಒತ್ತಿ ಒತ್ತಿ ಮುಳುಗಿಸಿದರು. ನೀರು ಒಳಗೆ ಸೇರುವ ತನಕ ಕಾಯಬೇಕು. ಅರ್ಧ ಗೆದ್ದವಳ ಅಪ್ಪನ ಜೊತೆ ಒಂದು ಒಳ್ಳೆಯ ಮಾತಾಡೋಣ ಎಂದು ಅವರೇ ಕೇಳಿದರು: "ಏನು ಉಂಡೆಯಪ್ಪನೋರೆ, ಈ ನೂಲು ಜನ ತಗೋತಾರಾ?"

"ತಗೋತಾರಾ ಅಂದ್ರೆ! ಮಗು ಇರೋ ಮನೆಯವರೆಲ್ಲ ಇದನ್ನೇ ಕೇಳೋದು. ಒದ್ದೆ ಮಾಡಿ ಹೀಗೆ ಎಷ್ಟು ತಿಕ್ಕಿದ್ರೂ..." ಉಂಡೆಯಪ್ಪ ತೋರಿಸಲೆಂದು ಎರಡು ಅಂಗೈ ಸೇರಿಸಿ ತಿಕ್ಕಿದರು.

ತಿಕ್ಕಿದ ಅಂಗೈ ಅಲ್ಲೇ ನಿಂತಿತು.

ಡ್ರೈವರ್, ಕತ್ತರಿ, ಗಂಟು, ನಾಲಗೆಯ ತುದಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಶಾಲಿನಲ್ಲಿ ಜೋಡಣೆ ಆರಲ್ಲ, ಏಳು. ಏಳನೆಯದು ಅವರದು. ಕಚ್ಚಿಕೊಳ್ಳದ ನೂಲಿನಲ್ಲಿ ಬರಿಯ ಉಗುಳಿನ ಅಂಟಿನಿಂದ ನಿಂತದ್ದು. ಒಣಗಿರುವಷ್ಟು ಹೊತ್ತು ಕುಣಿಕೆಗಳು ಹಿಡಿದುಕೊಂಡಿದ್ದವು. ಈಗ ಅದು ನೀರಿನಲ್ಲಿದೆ, ಇನ್ನು ಹಲಗೆಯ ಮೇಲೆ ನಾಲ್ಕೂ ಕಡೆ ಎಳೆಯುತ್ತಾರೆ.

ಮನುಷ್ಯನ ಮನಸ್ಸು ವಿಚಿತ್ರ. ಆ ಗಳಿಗೆಯಲ್ಲೂ ಅದರ ಒಂದು ಮೂಲೆ, 'ಮೇಸ್ತ್ರಮ್ಮನ ಬೆರಳು ನನ್ನದರ ಮೇಲೂ ಹೋಯಿತು, ಸಿಗಲಿಲ್ಲ' ಎಂದು ಕಳ್ಳ ಹೆಮ್ಮೆ ಪಟ್ಟಿತು. ಮರುಕ್ಷಣವೇ ಉಂಡೆಯಪ್ಪನವರಿಗೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಹೇಳಿದರೆ ಬೇರೆಯವರ ಕೈ ಬಿದ್ದಿದೆಯೆಂದು ಮಗಳು ಹೊರಗೆ. ಹೇಳದಿದ್ದರೆ ಜೋಡಣೆ ಬಿಚ್ಚಿ ಮಗಳು ಹೊರಗೆ, ಜೊತೆಗೆ ತನ್ನ ಕೈಯೇ ತಪ್ಪಿತೆಂದು ಬದುಕಿಡೀ ನಂಬುತ್ತಾಳೆ. ಆ ಎರಡನೆಯದು ಅವರಿಗೆ ತಡೆಯಲಾಗಲಿಲ್ಲ. ಮೇಸ್ತ್ರಮ್ಮ ಶಾಲಿನಡಿಗೆ ಕೈ ಹಾಕಿ ಎತ್ತಲು ಹೊರಟಿದ್ದರು.

"ಎತ್ತಬೇಡಿ!"

ಇಡೀ ಕೋಣೆ ತಿರುಗಿತು. ಉಂಡೆಯಪ್ಪ ಎದ್ದು ನಿಂತಿದ್ದರು, ಅಂಗೈಗಳು ಇನ್ನೂ ಒಂದಕ್ಕೊಂದು ಅಂಟಿಯೇ ಇದ್ದವು, ಕೈಮುಗಿದು ನಿಂತವರ ಹಾಗೆ. "ಅದ್ರಲ್ಲಿ ನಂದೊಂದಿದೆ" ಎಂದರು. "ಸುತ್ತುವಾಗ ಗಿರಣಿ ಗಂಟು ಸಿಕ್ತು. ಕತ್ತರಿಸಿ, ಅಂಗೈಲಿ ತಿಕ್ಕಿಬಿಟ್ಟೆ. ಅವಳಿಗೆ ಗೊತ್ತಿಲ್ಲ. ದೇವರಾಣೆ ಅವಳಿಗೆ ಗೊತ್ತಿಲ್ಲ. ಅವಳ ಆರೂ ಸರಿಯಾಗಿವೆ."

"ಈ ನೂಲನ್ನ? ಅಂಗೈಲಿ ತಿಕ್ಕಿದ್ರಾ?" ಮೇಸ್ತ್ರಮ್ಮನ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. "ನೀವು?"

"ನಾನೇ."

ಹಿಂದಿನ ಬೆಂಚಿನಲ್ಲಿ ಯಾರೋ ನಗು ತಡೆದುಕೊಂಡರು. ಉಂಡೆಯಪ್ಪ ಮಗಳ ಮುಖ ನೋಡಲು ಧೈರ್ಯವಿಲ್ಲದೆ ಅವಳ ಚಪ್ಪಲಿ ನೋಡುತ್ತಾ ನಿಂತರು. ಆ ಚಪ್ಪಲಿ ತೊಟ್ಟಿಯ ಕಡೆಗೆ ನಡೆಯಿತು.

"ಯಾವ ಉಂಡೆ ಅಪ್ಪ?" ಮಗಳ ದನಿ ಎಂದಿನಂತೆಯೇ ಇತ್ತು, ಯಾವ ಬಣ್ಣ ಎಂದು ಗಿರಾಕಿಯನ್ನು ಕೇಳುವ ಹಾಗೆ.

"ಆವತ್ತು ಡ್ರೈವರ್ ಬಂದಿದ್ದ. ನೀನು ಬಂದು ಕೈಯಿಂದ ಇಸ್ಕೊಂಡು ಹೋದೆಯಲ್ಲ, ಅದು."

"ಅದು ನಾಲ್ಕನೇದು. ಗಂಟು ಶುರುವಿಗೆ ಸಿಕ್ತಾ, ಕೊನೇಲಾ?"

"ಶುರುವಿಗೇ. ಉಂಡೆ ಇನ್ನೂ ನಿಂಬೆಹಣ್ಣಿನಷ್ಟಾಗಿತ್ತು."

ಮಗಳು ತೋಳು ಮಡಚಿದಳು. "ನಾನು ಉಂಡೇನ ಹೊರಗಡೆಯಿಂದ ಬಿಚ್ಚಿ ಹೆಣೆಯೋದು. ಶುರುವಿಗೆ ಸುತ್ತಿದ್ದು ನಂಗೆ ಕೊನೇಲಿ ಬರುತ್ತೆ. ಅಂದ್ರೆ ನನ್ನ ನಾಲ್ಕನೇ ಜೋಡಣೆಗೆ ನಾಲ್ಕೈದು ಸಾಲು ಮುಂಚೆ." ಮೇಸ್ತ್ರಮ್ಮನ ಕಡೆ ತಿರುಗಿ, "ಎತ್ತದೆ ನೀರೊಳಗೇ ಹುಡುಕ್ಲಾ?" ಎಂದಳು.

ಮೇಸ್ತ್ರಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. "ಹುಡುಕು."

ಮಗಳ ಎರಡು ಕೈ ನೀರಿಗಿಳಿದವು. ಒದ್ದೆ ಉಣ್ಣೆಗೆ ತನ್ನದೇ ಭಾರ ಎಷ್ಟಿರುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಒಂದು ಮೂಲೆ ಹಿಡಿದು ಎತ್ತಿದರೂ ಸಾಕು, ಸಡಿಲವಾದ ತುದಿ ಜಾರಿ, ಕುಣಿಕೆಗಳು ಒಂದರ ಹಿಂದೊಂದು ಬಿಚ್ಚಿಕೊಂಡು ಎಲೆಯ ನಡುವೆ ತೂತು ಬೀಳುತ್ತದೆ. ಅವಳು ಶಾಲನ್ನು ನೀರಿನಲ್ಲಿ ತೇಲಲು ಬಿಟ್ಟು, ಎಳೆಯದೆ, ಬೆರಳನ್ನು ಮಾತ್ರ ಕಳಿಸಿದಳು. ಮೊದಲು ತನ್ನದೇ ನಾಲ್ಕನೆಯ ಜೋಡಣೆಗೆ ಹೋಗಿ ಕ್ಷಣ ನಿಂತಳು. "ಓ, ಅಲ್ಲಿತ್ತಾ?" ಎಂದರು ಮೇಸ್ತ್ರಮ್ಮ, ತಡೆಯಲಾಗದೆ. ಅಲ್ಲಿಂದ ಹಿಂದಕ್ಕೆ ಒಂದು ಸಾಲು, ಇನ್ನೊಂದು ಸಾಲು. ಹುರಿ ಸರಿಯಿರುವ ನೂಲು ಒದ್ದೆಯಲ್ಲೂ ದುಂಡಗೆ, ಪುಟಿಯುವ ಹಾಗೆ ಬೆರಳಿಗೆ ತಾಗುತ್ತದೆ. ಅವಳ ಬೆರಳು ಅಂಥ ನೂಲನ್ನೆಲ್ಲ ದಾಟಿ ದಾಟಿ ಹೋಯಿತು.

"ಇಲ್ಲಿ" ಎಂದಳು.

ಮೇಸ್ತ್ರಮ್ಮ ಬಗ್ಗಿ ಅವಳ ಬೆರಳ ಪಕ್ಕ ತಮ್ಮ ಬೆರಳಿಟ್ಟರು. ಬಹಳ ಹೊತ್ತು ಇಟ್ಟರು. ಅಲ್ಲಿ ನೂಲು ಮೆತ್ತಗಾಗಿ, ಹುರಿ ಕಳೆದುಕೊಂಡು, ಕೂದಲು ಕೂದಲಾಗಿ ಅರಳಿತ್ತು. ಒಂದು ತುದಿ ಆಗಲೇ ಕಾಳಿನಷ್ಟು ಹೊರಗೆ ಬಂದಿತ್ತು. ಮೇಸ್ತ್ರಮ್ಮ ಪಕ್ಕಕ್ಕೆ ಸರಿದರು.

ಆಮೇಲೆ ಮಗಳು ಮಾಡಿದ್ದನ್ನು ಉಂಡೆಯಪ್ಪ ಬದುಕಿರುವ ತನಕ ಮರೆಯುವಂತಿರಲಿಲ್ಲ. ಶಾಲಿನಡಿಗೆ ದೊಡ್ಡ ಟವೆಲ್ ತೂರಿಸಿ, ಶಾಲಿನ ಭಾರವನ್ನೆಲ್ಲ ಟವೆಲಿಗೇ ಬಿಟ್ಟು, ಮಲಗಿದ ಮಗುವನ್ನು ಎತ್ತುವ ಹಾಗೆ ಎತ್ತಿ ಮೇಜಿನ ಮೇಲಿಟ್ಟಳು. ಹಿಂಡದೆ, ಒತ್ತಿ ನೀರು ತೆಗೆದಳು. ಉಳಿದಿದ್ದ ಉಂಡೆಯಿಂದ ಒಂದು ತುಂಡು ನೂಲು ಕತ್ತರಿಸಿ ಸೂಜಿಗೆ ಪೋಣಿಸಿದಳು. ಸಡಿಲವಾದ ಜಾಗಕ್ಕಿಂತ ಕೆಲವು ಕುಣಿಕೆ ಹಿಂದಿನಿಂದ ಶುರುಮಾಡಿ, ಹಳೆಯ ನೂಲು ಹತ್ತಿದ ಕಡೆ ಹತ್ತಿ, ಇಳಿದ ಕಡೆ ಇಳಿದು, ಅದರ ದಾರಿಯನ್ನೇ ಹಿಡಿದು ಹೊಸ ನೂಲನ್ನು ಆಚೆಯ ತನಕ ನಡೆಸಿದಳು. ಸಡಿಲಾದ ಹಳೆಯ ತುದಿಗಳನ್ನು ಬಿಡಿಸಿ, ಒಂದೊಂದು ಎಳೆ ಕತ್ತರಿಸಿ ತೆಳುವು ಮಾಡಿದಳು. ಆಮೇಲೆ ಹಳೆಯವು ಎರಡು, ಹೊಸವು ಎರಡು, ನಾಲ್ಕು ತುದಿಗಳನ್ನೂ ಸೂಜಿಯಿಂದ ನೂಲಿನ ಎಳೆಗಳ ನಡುವೆಯೇ ಕಳಿಸಿದಳು, ಒಂದರ ಜಾಗ ಇನ್ನೊಂದಕ್ಕೆ ಬಾರದ ಹಾಗೆ, ಒಂದೊಂದು ಒಂದೊಂದು ದಿಕ್ಕಿಗೆ. ಸೂಜಿ ನೂಲಿನ ಹೊಟ್ಟೆಯೊಳಗೆ ಹೋಗಿ ನಾಲ್ಕು ಬೆರಳಾಚೆ ಹೊರಗೆ ಬರುತ್ತಿತ್ತು, ನಡುವೆ ಎಲ್ಲೂ ಕಾಣುತ್ತಿರಲಿಲ್ಲ. ಕೊನೆಗೆ ಕತ್ತರಿ ನಾಲ್ಕು ಸಲ ಚಿಕ್ ಎಂದಿತು.

ಬೆಂಚಿನ ಹೆಂಗಸರು ಯಾವಾಗ ಎದ್ದು ಬಂದು ಮೇಜು ಸುತ್ತುವರಿದರೋ ಗೊತ್ತಾಗಲಿಲ್ಲ. ಉಂಡೆಯಪ್ಪ ಎಲ್ಲರ ಹಿಂದೆ, ಕಾಲ ತುದಿಯ ಮೇಲೆ ನಿಂತು ನೋಡುತ್ತಿದ್ದರು. ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದದ್ದು ಏನೂ ಅಲ್ಲ ಎಂದು ಅವರಿಗೆ ಈಗ ಅನ್ನಿಸಿತು. ಮಗಳನ್ನು ಅವರು ಕಡಿಮೆಯೇ ಹೊಗಳಿದ್ದರು.

ಶಾಲು ಹಲಗೆ ಏರಿತು. ಮೇಸ್ತ್ರಮ್ಮ ತಾವೇ ಎಳೆದರು, ಎಂದಿಗಿಂತ ಜೋರಾಗಿಯೇ ಎಳೆದರು. ಎಲೆಗಳು ಒಂದೊಂದಾಗಿ ಅರಳಿ ಬಿಗಿಯಾದವು. ಗುಂಡುಸೂಜಿ ಚುಚ್ಚಿಯಾದ ಮೇಲೆ ಹಲಗೆಯನ್ನು ಕಿಟಕಿಯ ಬೆಳಕಿಗೆ ಒಡ್ಡಿ ನಿಲ್ಲಿಸಿದರು. ಎಲ್ಲೂ ತೂತಿಲ್ಲ, ಎಲ್ಲೂ ದಪ್ಪವಿಲ್ಲ. ಈಗತಾನೆ ಕೂಡಿಸಿದ ಜಾಗ ಯಾವುದೆಂದು ಕಣ್ಣಾರೆ ಕಂಡವರೂ ಬೆರಳು ತೋರಿಸಲಾರದೆ ಹೋದರು.

"ಒಣಗಲಿ" ಎಂದರು ಮೇಸ್ತ್ರಮ್ಮ.

ಒಣಗುವ ತನಕ ಯಾರೂ ಮನೆಗೆ ಹೋಗಲಿಲ್ಲ. ಉಂಡೆಯಪ್ಪನವರ ಹೆಂಡತಿ ಸುದ್ದಿ ಕೇಳಿ ಬಂದವಳು ಗಂಡನ ಪಕ್ಕ ಕೂತು, "ಬಾಯಿ ಒಂದು ಕಡೆ, ಕೈ ಒಂದು ಕಡೆ" ಎಂದಷ್ಟೇ ಹೇಳಿದಳು. ಅವರು ತಲೆ ತಗ್ಗಿಸಿಯೇ ಇದ್ದರು. ಅವಳು ಅವರ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಸಂಜೆಯ ಹೊತ್ತಿಗೆ ಸೂಜಿಗಳು ಹೊರಬಂದವು. ಶಾಲು ಹೇಗೆ ಎಳೆದಿದ್ದರೋ ಹಾಗೇ ನಿಂತಿತು. ಮೇಸ್ತ್ರಮ್ಮ ಅದನ್ನು ಮತ್ತೆ ಬೋರಲು ಹಾಸಿ, ಮತ್ತೆ ಬೆರಳು ಓಡಿಸಿ, ಕೊನೆಗೆ ಕುರ್ಚಿಯಲ್ಲಿ ಕೂತರು.

"ಬೇರೆಯವರ ಕೈ ಬಿದ್ದಿದೆ" ಎಂದರು. "ನಿಯಮ ನಂದೇ. ಅದರ ಪ್ರಕಾರ ಇವಳು ಹೊರಗೆ."

ಉಂಡೆಯಪ್ಪ ಬಾಯಿ ತೆರೆದರು, ಹೆಂಡತಿ ಚಿವುಟಿದಳು.

"ಆದ್ರೆ ಈ ಕುರ್ಚಿ ಇರೋದು ಜೋಡಣೆ ಬಚ್ಚಿಡೋರಿಗಲ್ಲ, ಹುಡುಕೋರಿಗೆ. ಇಡೀ ಶಾಲು ಬೆರಳಾಡಿಸಿದ್ರೂ ನಂಗೆ ಸಿಗದೇ ಇದ್ದಿದ್ದನ್ನ ಇವಳು ನೀರೊಳಗೆ ಹಿಡಿದಳು."

"ಅಪ್ಪ ಹೇಳಿದ್ದಕ್ಕೆ ಸಿಕ್ತು ಮೇಸ್ತ್ರಮ್ಮ" ಎಂದಳು ಮಗಳು. "ಇಲ್ದಿದ್ರೆ ನಂಗೂ ಗೊತ್ತಾಗ್ತಿರಲಿಲ್ಲ."

"ಹೇಳಿದ್ಮೇಲೂ ನಂಗೆ ಸಿಗ್ತಿರಲಿಲ್ಲ ಕಣೆ." ಆ ಮಾತನ್ನು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಕೋಣೆಗೆಲ್ಲ ಗೊತ್ತಾಯಿತು. ಆದರೂ ತಲೆಯೆತ್ತಿಯೇ ಹೇಳಿದರು. ಕುರ್ಚಿಯ ಕೈಗೆ ಕೈ ಕೊಟ್ಟು ಎದ್ದು, ಸೀಟನ್ನು ಸೆರಗಿನಿಂದ ಒಮ್ಮೆ ಒರೆಸಿ, "ಕೂತ್ಕೋ" ಎಂದರು.

ಮಗಳು ಕೂತಳು. ಬೆಂಚುಗಳು ಚಪ್ಪಾಳೆ ತಟ್ಟಿದವು. ಬೀದಿಯಲ್ಲಿ ಚಪ್ಪಲಿಯವನು ಕಾಯುತ್ತಿರುತ್ತಾನೆ, ಅವನಿಗೆ ಎಲ್ಲಿಂದ ಶುರುಮಾಡಿ ಹೇಳುವುದು ಎಂದು ಉಂಡೆಯಪ್ಪ ಲೆಕ್ಕ ಹಾಕತೊಡಗಿದರು.

ಮಗಳು ಅಷ್ಟರಲ್ಲಿ ಕೆಲಸ ಶುರುಮಾಡಿದ್ದಳು. ಯಾರದೋ ಶಾಲನ್ನು ಮಡಿಲಿಗೆ ಎಳೆದುಕೊಂಡು ಬೆನ್ನಿನ ಮೇಲೆ ಬೆರಳಿಟ್ಟವಳು, ತಲೆಯೆತ್ತದೆಯೇ, "ಅಪ್ಪ" ಎಂದಳು, "ಇನ್ಮೇಲೆ ಇಲ್ಲಿಗೆ ನೂಲು ಕಳ್ಸುವಾಗ ಗಂಟು ಸಿಕ್ಕಿದ್ರೆ ಕೈ ಹಚ್ಚಬೇಡ. ಹಾಗೇ ಬಿಟ್ಟು ನಂಗೆ ತೋರ್ಸು."

ಉಂಡೆಯಪ್ಪ ಎದ್ದು ನಿಂತರು. "ಆಗ್ಲಿ ಮೇಸ್ತ್ರಮ್ಮ."

"ಏನು?" ಎಂದು ಮೇಸ್ತ್ರಮ್ಮ ತೊಟ್ಟಿಯ ಕಡೆಯಿಂದ ತಿರುಗಿದರು.

"ನಿಮಗಲ್ಲ" ಎಂದರು ಉಂಡೆಯಪ್ಪ.